ಶಿಸ್ತು ಆದೇಶದ ಕೊನೆಯ ಪ್ಯಾರಾ: ಮೇಲ್ಮನವಿಯ ಹಕ್ಕನ್ನು ಅರ್ಥವಾಗುವಂತೆ ಬರೆಯುವುದು

ವಿಚಾರಣೆ ಮುಗಿದಿದೆ. ವಿಚಾರಣಾಧಿಕಾರಿಯ ವರದಿ ಬಂದಿದೆ, ಅದಕ್ಕೆ ನೌಕರ ಕೊಟ್ಟ ವಿವರಣೆಯೂ ಫೈಲಿನಲ್ಲಿದೆ, ಏನು ದಂಡನೆ ಎನ್ನುವುದೂ ತೀರ್ಮಾನವಾಗಿದೆ. ಉಳಿದಿರುವುದು ಆದೇಶದ ಪತ್ರ ಬರೆಯುವುದೊಂದೇ. ಆರೋಪ, ಸಾಕ್ಷ್ಯ, ತೀರ್ಮಾನ ಎಲ್ಲವನ್ನೂ ಎರಡು ಪುಟ ಶ್ರದ್ಧೆಯಿಂದ ಬರೆದ ಎಚ್‌ಆರ್ ವಿಭಾಗದವರು ಕೊನೆಯ ಪ್ಯಾರಾಕ್ಕೆ ಬಂದಾಗ ಹಳೆಯ ಫೈಲಿನಿಂದ ಒಂದು ಸಾಲನ್ನು ಹಾಗೇ ಇಳಿಸುತ್ತಾರೆ: "ಸದರಿ ಆದೇಶದಿಂದ ಬಾಧಿತರಾದಲ್ಲಿ ತಾವು ನಿಯಮಾನುಸಾರ ಸಂಬಂಧಪಟ್ಟ ಪ್ರಾಧಿಕಾರಕ್ಕೆ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಿಕೊಳ್ಳಬಹುದು."

ಈ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುವವನಿಗೆ ಬೇಕಾದದ್ದೂ ಇಲ್ಲ. ಯಾವ ನಿಯಮ, ಸಂಬಂಧಪಟ್ಟವರು ಯಾರು, ನಿಗದಿತ ಅವಧಿ ಎಂದರೆ ಎಷ್ಟು ದಿನ, ಅದನ್ನು ಯಾವತ್ತಿನಿಂದ ಎಣಿಸಬೇಕು? ಈ ನಾಲ್ಕೂ ಬರೆದವರಿಗೆ ಗೊತ್ತು, ಓದುವವನಿಗೆ ಗೊತ್ತಿಲ್ಲ. ಅವನು ಯೂನಿಯನ್ನಿನವರನ್ನು ಕೇಳುತ್ತಾನೆ, ಪರಿಚಯದ ವಕೀಲರನ್ನು ಕೇಳುತ್ತಾನೆ. ಒಬ್ಬರು ಒಂದು ತಿಂಗಳು ಎನ್ನುತ್ತಾರೆ, ಇನ್ನೊಬ್ಬರು ಮೂರು ತಿಂಗಳು ಎನ್ನುತ್ತಾರೆ. ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. "ಅವಧಿ ಮೀರಿದ್ದರಿಂದ ಮೇಲ್ಮನವಿ ತಿರಸ್ಕರಿಸಲಾಗಿದೆ" ಎಂಬ ಇನ್ನೊಂದು ಪತ್ರ ಹೊರಡುತ್ತದೆ, ಮುಂದೆ ಅದೇ ಜಗಳ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುತ್ತದೆ.

ನೀವು ಕಾರ್ಖಾನೆ, ಸಹಕಾರ ಸಂಘ, ಟ್ರಸ್ಟ್ ನಡೆಸುವ ಶಾಲೆ, ಹೀಗೆ ಎಲ್ಲಿಯಾದರೂ ಇಂಥ ಪತ್ರ ಬರೆಯುವ ಸ್ಥಾನದಲ್ಲಿದ್ದರೆ ಈ ಲೇಖನ ನಿಮಗೆ. ಪತ್ರ ಪಡೆದವರಿಗೂ ಉಪಯೋಗವಾದೀತು. ಪತ್ರದಲ್ಲಿ ಏನಿಲ್ಲ ಎಂದು ಕೇಳಬಹುದು ಎನ್ನುವುದಾದರೂ ತಿಳಿಯುತ್ತದೆ. ಉದಾಹರಣೆಗೆ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಇಟ್ಟುಕೊಳ್ಳೋಣ, ಏಕೆಂದರೆ ಅಲ್ಲಿ ನಿಯಮ ಲಿಖಿತವಾಗಿರುತ್ತದೆ.

ನಿಯಮ ಎಲ್ಲಿದೆ?

1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳ) ಕಾಯ್ದೆಯ ಕೇಂದ್ರ ನಿಯಮಗಳ ಜೊತೆ ಒಂದು ಮಾದರಿ ಸ್ಥಾಯಿ ಆದೇಶ ಇತ್ತು. ಅದರ ಪ್ರಕಾರ ದಂಡನೆಗೆ ಒಳಗಾದ ಕಾರ್ಮಿಕ, ಆದೇಶ ಕೈಸೇರಿದ 21 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಮೇಲ್ಮನವಿ ಪ್ರಾಧಿಕಾರ ಯಾರೆಂದು ಮಾಲೀಕರೇ ಗೊತ್ತುಪಡಿಸಬೇಕು. ಆ ಪ್ರಾಧಿಕಾರ ಕಾರ್ಮಿಕನ ಅಹವಾಲು ಕೇಳಿ, ಮೇಲ್ಮನವಿ ಬಂದ 15 ದಿನಗಳಲ್ಲಿ ಆದೇಶ ಮಾಡಿ ಲಿಖಿತವಾಗಿ ತಿಳಿಸಬೇಕು. ಇದೇ ಧಾಟಿಯ ಕಲಮು ಇರುವ ಪ್ರಮಾಣೀಕೃತ ಸ್ಥಾಯಿ ಆದೇಶಗಳು ಅನೇಕ ಕಾರ್ಖಾನೆಗಳಲ್ಲಿವೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿರುವುದರಿಂದ, ಪತ್ರ ಬರೆಯುವ ಮುನ್ನ ನಿಮ್ಮಲ್ಲಿ ಈಗ ಜಾರಿಯಲ್ಲಿರುವ ಸ್ಥಾಯಿ ಆದೇಶದ ಪ್ರತಿಯನ್ನು ತೆರೆದು ಕಲಮನ್ನು ಕಣ್ಣಾರೆ ಓದಿ. ಹಿಂದಿನ ಪತ್ರದಿಂದ ನಕಲು ಮಾಡಬೇಡಿ.

ಎಲ್ಲ ಕಡೆಯೂ 21 ದಿನವಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 1965ರ ನಿಯಮಗಳಲ್ಲಿ 45 ದಿನ. ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಬರುವ ಖಾಸಗಿ ಶಾಲೆಯ ಶಿಕ್ಷಕ ವಜಾ ಆದರೆ ಅಥವಾ ಅವರ ದರ್ಜೆ ಇಳಿಸಿದರೆ, ಆದೇಶ ತಿಳಿಸಿದ ಮೂರು ತಿಂಗಳೊಳಗೆ ಮೇಲ್ಮನವಿ ಹೋಗುವುದು ಆಡಳಿತ ಮಂಡಳಿಗೆ ಅಲ್ಲ, ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ. ಪರಿಚಿತರು ಹೇಳುವ ಅವಧಿ ಒಬ್ಬೊಬ್ಬರದು ಒಂದೊಂದು ಆಗುವುದು ಇದೇ ಕಾರಣಕ್ಕೆ. ಪ್ರತಿಯೊಬ್ಬರೂ ತಮ್ಮ ಇಲಾಖೆಯ ಲೆಕ್ಕ ಹೇಳುತ್ತಿರುತ್ತಾರೆ.

ಸ್ಪಷ್ಟವಾಗಿ ಬರೆದರೆ ಸಂಸ್ಥೆಗೇನು ಲಾಭ?

"ಮೇಲ್ಮನವಿ ಹಾಕಿ ಎಂದು ನಾವೇ ಹೇಳಿಕೊಟ್ಟ ಹಾಗಾಗುವುದಿಲ್ಲವೇ?" ಆಡಳಿತದವರು ಮೊದಲು ಕೇಳುವ ಪ್ರಶ್ನೆ ಇದು. ಹಾಗಾಗುವುದಿಲ್ಲ. ದಂಡನೆ ಅನ್ಯಾಯ ಎಂದು ಅನ್ನಿಸಿದವನು ಹೇಗೂ ಎಲ್ಲಿಗಾದರೂ ಹೋಗುತ್ತಾನೆ. ಮೊದಲು ಒಳಗೇ ಬರುತ್ತಾನೋ, ನೇರ ಹೊರಗೆ ಹೋಗುತ್ತಾನೋ ಎನ್ನುವುದನ್ನಷ್ಟೇ ನಿಮ್ಮ ಪ್ಯಾರಾ ನಿರ್ಧರಿಸುತ್ತದೆ. ಒಳಗೆ ಬಂದರೆ ವಿಚಾರಣೆಯಲ್ಲಿ ಆದ ಲೋಪವನ್ನು ಸಂಸ್ಥೆಯೇ ಹದಿನೈದು ದಿನಗಳಲ್ಲಿ ಸರಿಪಡಿಸಿಕೊಳ್ಳಬಹುದು. ಕಾರ್ಮಿಕ ನ್ಯಾಯಾಲಯಕ್ಕೆ ಹೋದ ಮೇಲೆ ಅದೇ ಲೋಪಕ್ಕೆ ವರ್ಷಗಟ್ಟಲೆ ಉತ್ತರ ಹೇಳಬೇಕಾಗುತ್ತದೆ.

ಇನ್ನೊಂದು ಕಾರಣ ಅವಧಿಗೆ ಸಂಬಂಧಿಸಿದ್ದು. ಕೊನೆಯ ದಿನ ಯಾವುದೆಂದು ನೀವೇ ಬರೆದು ಕೊಟ್ಟಿದ್ದರೆ, ತಡವಾಗಿ ಬಂದ ಮೇಲ್ಮನವಿಯನ್ನು ನಿರಾಕರಿಸಲು ನಿಮಗೆ ಗಟ್ಟಿ ಆಧಾರ ಇರುತ್ತದೆ. "ನಿಗದಿತ ಅವಧಿ" ಎಂದು ಬರೆದು ಕೈತೊಳೆದುಕೊಂಡವರಿಗೆ ಆ ಆಧಾರ ಇರುವುದಿಲ್ಲ. ದಿನ ತಿಳಿಸದೆ ದಿನ ಮೀರಿತು ಎಂದರೆ ಕೇಳುವವರು ಒಪ್ಪುವುದು ಕಷ್ಟ.

ಬರೆಯುವ ಮುನ್ನ: ಸಹಿ ಯಾರದು?

ಸಣ್ಣ ಸಂಸ್ಥೆಗಳಲ್ಲಿ ಪತ್ರ ಹಾಳಾಗುವುದು ಬರೆಯುವ ಮೊದಲೇ, ಸಹಿಯ ಹಂತದಲ್ಲಿ. ಭಾರ ಬರಲಿ ಎಂದು ದಂಡನೆಯ ಆದೇಶಕ್ಕೆ ಎಂ.ಡಿ. ಅವರಿಂದಲೇ ಸಹಿ ಹಾಕಿಸುತ್ತಾರೆ. ಮೇಲ್ಮನವಿ ಕೇಳಬೇಕಾದವರೂ ಅವರೇ ಆಗಿದ್ದರೆ ಇನ್ನು ಮೇಲ್ಮನವಿ ಹೋಗುವುದು ಯಾರ ಬಳಿಗೆ? 1995ರಲ್ಲಿ ಸುರ್ಜಿತ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಇದೇ ಪ್ರಶ್ನೆ. ಬ್ಯಾಂಕಿನಲ್ಲಿ ಮೇಲ್ಮನವಿ ಕೇಳಬೇಕಾದ ಅಧಿಕಾರಿಯೇ ದಂಡನೆ ವಿಧಿಸಿಬಿಟ್ಟಿದ್ದರು. ಮೇಲಿನ ಅಧಿಕಾರಿಗೆ ದಂಡಿಸುವ ಅಧಿಕಾರ ಇದ್ದರೂ, ಹಾಗೆ ಮಾಡಿದಾಗ ನಿಯಮ ಕೊಟ್ಟ ಮೇಲ್ಮನವಿಯ ಹಕ್ಕು ನೌಕರನ ಕೈತಪ್ಪುತ್ತದೆ, ಅವನಿಗೆ ತಾರತಮ್ಯವಾಗುತ್ತದೆ ಎಂದು ಕೋರ್ಟು ಹೇಳಿತು.

ಆದ್ದರಿಂದ ಚಾರ್ಜ್‌ಶೀಟ್ ಕೊಡುವ ದಿನವೇ ಎರಡು ಹುದ್ದೆಗಳನ್ನು ಗುರುತಿಸಿಟ್ಟುಕೊಳ್ಳಿ. ತೀರ್ಮಾನ ಕಾರ್ಖಾನೆಯ ವ್ಯವಸ್ಥಾಪಕರದು, ಮೇಲ್ಮನವಿ ನಿರ್ದೇಶಕರದು ಎನ್ನುವ ಹಾಗೆ. ಮೇಲ್ಮನವಿ ಕೇಳುವವರು ವಿಚಾರಣೆಯಲ್ಲಿ ಸಾಕ್ಷಿಯಾಗಿರಬಾರದು, ವರದಿಯ ಬಗ್ಗೆ ಮೊದಲೇ ಅಭಿಪ್ರಾಯ ಕೊಟ್ಟಿರಬಾರದು. ಪಾಲುದಾರರಿಬ್ಬರೇ ಇರುವ ಸಂಸ್ಥೆಯಲ್ಲಿ ಒಬ್ಬರು ಪ್ರಕರಣದಿಂದ ಪೂರ್ತಿ ದೂರ ಉಳಿಯುವುದೊಂದೇ ದಾರಿ. ಊಟದ ಹೊತ್ತಿನಲ್ಲೂ ಅವರೊಡನೆ ಆ ವಿಷಯ ಚರ್ಚಿಸದಿರುವುದು ಕಷ್ಟ, ಆದರೆ ಬೇರೆ ದಾರಿ ಇಲ್ಲ.

ಪ್ಯಾರಾದಲ್ಲಿ ಇರಬೇಕಾದದ್ದು

ನಮ್ಮ ಉದಾಹರಣೆಯ ಪ್ರಕರಣ ಹೀಗಿದೆ. ರಾತ್ರಿ ಪಾಳಿಯ ಒಬ್ಬ ಸಿಎನ್‌ಸಿ ಆಪರೇಟರ್ ಮೇಲೆ ಎರಡು ಆರೋಪ. ಒಂದು, ಅನುಮತಿ ಇಲ್ಲದೆ ಮಷೀನ್ ಬಿಟ್ಟು ಹೋಗಿದ್ದು. ಎರಡು, ನಿರ್ಲಕ್ಷ್ಯದಿಂದ ಬಿಡಿಭಾಗಗಳು ಕೆಟ್ಟಿದ್ದು. ಮೊದಲನೆಯದು ಸಾಬೀತಾಗಿದೆ. ಟೂಲ್ ಸವೆದಿತ್ತೆಂದು ಮೇಂಟೆನೆನ್ಸ್ ರಿಜಿಸ್ಟರಿನಲ್ಲೇ ನಮೂದಾಗಿದ್ದರಿಂದ ಎರಡನೆಯದು ಸಾಬೀತಾಗಿಲ್ಲ. ದಂಡನೆ ನಾಲ್ಕು ದಿನಗಳ ವೇತನರಹಿತ ಅಮಾನತು.

1. ಯಾವುದು ಸಾಬೀತಾಯಿತು, ಯಾವುದು ಆಗಲಿಲ್ಲ. ಇದು ಮೇಲ್ಮನವಿಯ ಪ್ಯಾರಾಕ್ಕಿಂತ ಮೊದಲೇ ಬರಬೇಕು, ಏಕೆಂದರೆ ಅದು ನಿಂತಿರುವುದೇ ಇದರ ಮೇಲೆ. "ಆರೋಪಗಳು ಸಾಬೀತಾಗಿರುವುದರಿಂದ" ಎಂದು ಒಟ್ಟಾರೆ ಬರೆದರೆ ಆಪರೇಟರ್ ಎರಡರ ವಿರುದ್ಧವೂ ವಾದಿಸುತ್ತಾನೆ. ಒಂದೊಂದು ಆರೋಪಕ್ಕೂ ತೀರ್ಮಾನ ಮತ್ತು ಅದಕ್ಕೆ ಕಾರಣ ಎರಡು ವಾಕ್ಯದಲ್ಲಿ ಇದ್ದರೆ ಅವನು ಬರೆಯಬೇಕಾದದ್ದು ಒಂದೇ ವಿಷಯ: ಮಷೀನ್ ಬಿಟ್ಟು ಹೋಗಿದ್ದಕ್ಕೆ ಕಾರಣವೇನು, ಅಥವಾ ಅದೊಂದಕ್ಕೆ ನಾಲ್ಕು ದಿನ ಏಕೆ ಹೆಚ್ಚು. ಕಾರಣ ತಿಳಿಯದವನು ಮೇಲ್ಮನವಿ ಬರೆಯಲಾರ, ಅರ್ಜಿ ಬರೆದು ಗೋಗರೆಯಬಲ್ಲ ಅಷ್ಟೆ. ವಿಚಾರಣಾ ವರದಿಯ ಪ್ರತಿಯನ್ನು ದಂಡನೆಗೆ ಮುನ್ನವೇ ಕೊಟ್ಟು ಅವನ ಮಾತು ಕೇಳಿರಬೇಕು. 1993ರ ಇಸಿಐಎಲ್ ವಿರುದ್ಧ ಕರುಣಾಕರ್ ತೀರ್ಪಿನಿಂದ ಅದು ಇತ್ಯರ್ಥವಾಗಿರುವ ವಿಷಯ. ಆದೇಶದ ಜೊತೆ ಇನ್ನೊಂದು ಪ್ರತಿ ಲಗತ್ತಿಸಿದರೆ ನಷ್ಟವೇನಿಲ್ಲ.

2. ಯಾರಿಗೆ ಸಲ್ಲಿಸಬೇಕು. ಹುದ್ದೆಯ ಹೆಸರು, ಪೂರ್ತಿ ವಿಳಾಸ, ಕೈಯಲ್ಲಿ ಕೊಡುವುದಾದರೆ ಯಾವ ಕೌಂಟರ್, ಇಮೇಲ್ ಒಪ್ಪುವುದಾದರೆ ಯಾವ ಇಮೇಲ್. "ಮೇಲಧಿಕಾರಿಗಳಿಗೆ" ಎಂದರೆ ಸಾಲದು. ಎಚ್‌ಆರ್ ಮೂಲಕವೇ ಕೊಡಬೇಕೆಂಬ ಷರತ್ತು ಸಾಮಾನ್ಯ. ನನ್ನ ಮಟ್ಟಿಗೆ ಅದು ಸರಿಯಲ್ಲ. ದಂಡನೆಯ ಕಡತ ನಡೆಸಿದ ಮೇಜಿಗೇ ಅದರ ವಿರುದ್ಧದ ಕಾಗದ ಕೊಡಲು ಯಾರಿಗಾದರೂ ಕೈ ಹಿಂಜರಿಯುತ್ತದೆ.

3. ಕೊನೆಯ ದಿನ, ಕ್ಯಾಲೆಂಡರ್ ದಿನಾಂಕದಲ್ಲಿ. ಇಡೀ ಪ್ಯಾರಾದಲ್ಲಿ ಅತಿ ಹೆಚ್ಚು ಜಗಳ ಹುಟ್ಟುವ ಜಾಗ ಇದು. "21 ದಿನಗಳೊಳಗೆ" ಎಂದಷ್ಟೇ ಬರೆದರೆ ಪತ್ರದ ಮೇಲಿನ ದಿನಾಂಕದಿಂದಲೋ, ಕೈಸೇರಿದ ದಿನದಿಂದಲೋ, ಆ ದಿನವೂ ಲೆಕ್ಕಕ್ಕೆ ಸೇರುತ್ತದೋ, ರಜಾ ದಿನ ಬಿಡಬೇಕೋ ಎಂದೆಲ್ಲ ಪ್ರಶ್ನೆ ಏಳುತ್ತವೆ. ಕಲಮು "ಕೈಸೇರಿದ ದಿನದಿಂದ" ಎಂದಿದ್ದರೆ ಕೈಸೇರಿದ ದಿನವನ್ನು ಬಿಟ್ಟು ಎಣಿಸುವುದು ವಾಡಿಕೆ. ಸಾಮಾನ್ಯ ಖಂಡಗಳ ಕಾಯ್ದೆಯ ರೀತಿಯೂ ಅದೇ. ನಡುವಿನ ಭಾನುವಾರಗಳು ಲೆಕ್ಕಕ್ಕೆ ಸೇರುತ್ತವೆ. ಕೊನೆಯ ದಿನವೇ ರಜೆಯಾಗಿದ್ದರೆ ಮರುದಿನ ಕಚೇರಿ ತೆರೆದಾಗ ತೆಗೆದುಕೊಳ್ಳಿ. ನಮ್ಮ ಆಪರೇಟರ್‌ಗೆ 2026ರ ಮಾರ್ಚ್ 9ರ ಸೋಮವಾರ ಪತ್ರ ಕೊಟ್ಟರೆ, 10ನೇ ತಾರೀಖು ಮೊದಲ ದಿನ, 30ರ ಸೋಮವಾರ 21ನೇ ದಿನ. ಪತ್ರದಲ್ಲಿ ಇರಬೇಕಾದದ್ದು "30-3-2026, ಸೋಮವಾರ" ಎಂದು. ಕೊಡುವ ದಿನ ಮೊದಲೇ ಖಚಿತವಿಲ್ಲದಿದ್ದರೆ ಆ ಜಾಗ ಖಾಲಿ ಬಿಟ್ಟು, ಕೊಡುವ ಹೊತ್ತಿನಲ್ಲಿ ಎರಡೂ ಪ್ರತಿಗಳ ಮೇಲೆ ಪೆನ್ನಿನಲ್ಲಿ ತುಂಬಿ ಇಬ್ಬರೂ ಚಿಕ್ಕ ಸಹಿ ಹಾಕಿ. ಅಂಚೆಯಲ್ಲಿ ಕಳುಹಿಸುವಾಗ ಮಾತ್ರ "ಈ ಪತ್ರ ನಿಮಗೆ ತಲುಪಿದ ಮರುದಿನದಿಂದ ಎಣಿಸಿ 21ನೇ ದಿನ" ಎಂದು ಬರೆಯದೆ ಗತ್ಯಂತರವಿಲ್ಲ. ಆಗ ತಲುಪಿದ ದಿನದ ದಾಖಲೆಯನ್ನು ಅಂಚೆಯಿಂದ ತೆಗೆದು ಫೈಲಿಗೆ ಹಾಕಿ.

ಗಂಟೆಯ ವಿಷಯವೂ ಇದೆ. ಎಚ್‌ಆರ್ ಕಚೇರಿ ಸಂಜೆ ಐದೂವರೆಗೆ ಮುಚ್ಚುತ್ತದೆ, ಆಪರೇಟರ್ ಕೆಲಸಕ್ಕೆ ಬರುವುದೇ ರಾತ್ರಿ ಹತ್ತಕ್ಕೆ. ಅವನ ಪಾಲಿಗೆ ಕೊನೆಯ ದಿನ ಎನ್ನುವುದು ಇಪ್ಪತ್ತನೆಯ ದಿನವೇ ಆಗಿಬಿಡುತ್ತದೆ. ಪಾಳಿ ಕೆಲಸ ಇರುವ ಕಡೆ, ಗೇಟಿನ ಟೈಮ್ ಆಫೀಸಿನಲ್ಲಿ ಯಾವ ಹೊತ್ತಿಗಾದರೂ ಸ್ವೀಕರಿಸಿ ಮುದ್ರೆ ಹಾಕಿ ಕೊಡುತ್ತಾರೆ ಎಂದು ಪತ್ರದಲ್ಲೇ ಬರೆಯಿರಿ. ಟೈಮ್ ಆಫೀಸಿನವರಿಗೂ ಆ ವಿಷಯ ಹೇಳಿರಿ.

4. ಏನು ಬರೆಯಬೇಕು, ಯಾವ ಭಾಷೆಯಲ್ಲಿ. ಅರ್ಜಿ ನಮೂನೆ ಬೇಡ. ಮೂರು ಪ್ರಶ್ನೆ ಕೊಟ್ಟರೆ ಸಾಕು: ವಿಚಾರಣೆ ನಡೆಸಿದ ಕ್ರಮದಲ್ಲಿ ತಪ್ಪಿದೆಯೇ, ಸಾಕ್ಷ್ಯದಿಂದ ಈ ತೀರ್ಮಾನಕ್ಕೆ ಬರಲು ಸಾಧ್ಯವೇ, ತಪ್ಪಿಗೆ ಹೋಲಿಸಿದರೆ ದಂಡನೆ ಹೆಚ್ಚಾಯಿತೇ. ಕೇಂದ್ರ ಸರ್ಕಾರದ 1965ರ ನಿಯಮಗಳಲ್ಲಿ ಮೇಲ್ಮನವಿ ಪ್ರಾಧಿಕಾರ ಪರಿಶೀಲಿಸಬೇಕಾದದ್ದೂ ಹೆಚ್ಚುಕಡಿಮೆ ಇವೇ ಮೂರನ್ನು. ವಿಚಾರಣೆ ಮುಗಿದ ಮೇಲೆ ಸಿಕ್ಕ ಹೊಸ ದಾಖಲೆ ಏನಾದರೂ ಇದ್ದರೆ ಅದನ್ನೂ ಸೇರಿಸಬಹುದು ಎನ್ನಿ. ಈ ಕಾರಣಗಳಲ್ಲದೆ ಬೇರೆ ಕಾರಣ ಹೇಳುವಂತಿಲ್ಲ ಎಂದು ಬೇಲಿ ಹಾಕಬೇಡಿ. ಕನ್ನಡದಲ್ಲಿ ಕೈಬರಹದಲ್ಲಿ ಕೊಟ್ಟರೂ ಸರಿ ಎನ್ನುವುದನ್ನು ಬಿಡಿಸಿ ಹೇಳಿ. ಆದೇಶವೂ ಕನ್ನಡದಲ್ಲೇ ಇರಲಿ. 1946ರ ಕಾಯ್ದೆಯಲ್ಲಿ ಸ್ಥಾಯಿ ಆದೇಶವನ್ನು ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಫಲಕಕ್ಕೆ ಹಾಕಬೇಕೆಂದು ಇತ್ತು. ನಿಯಮಕ್ಕೇ ಕನ್ನಡ ಬೇಕೆಂದಾದರೆ, ಅದರಡಿ ಹೊರಡುವ ದಂಡನೆ ಇಂಗ್ಲಿಷಿನಲ್ಲಿರಲು ಯಾವ ಸಮಜಾಯಿಷಿಯೂ ಇಲ್ಲ.

5. ಅಷ್ಟರವರೆಗೆ ದಂಡನೆ ಏನಾಗುತ್ತದೆ. ಬಹುತೇಕ ಪತ್ರಗಳಲ್ಲಿ ಇದು ಕಾಣುವುದೇ ಇಲ್ಲ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ತಾನಾಗಿ ತಡೆಯಾಗುವುದಿಲ್ಲ. ಆದರೆ ನಾಲ್ಕು ದಿನದ ಅಮಾನತನ್ನು ಮರುದಿನವೇ ಜಾರಿ ಮಾಡಿದರೆ ಮೇಲ್ಮನವಿ ಕೇಳುವ ಹೊತ್ತಿಗೆ ದಂಡನೆ ಮುಗಿದೇ ಹೋಗಿರುತ್ತದೆ. ಇಂಥ ಸಣ್ಣ ದಂಡನೆಯನ್ನು ಮೇಲ್ಮನವಿಯ ಅವಧಿ ದಾಟಿದ ಮೇಲೆ ಜಾರಿ ಮಾಡುವುದು ಸುಲಭ, ಖರ್ಚೂ ಇಲ್ಲ. ವಜಾ ಆದೇಶದಲ್ಲಿ ಹಾಗಾಗದು. ಅಲ್ಲಿ, ಕೆಲಸದ ಕೊನೆಯ ದಿನ ಯಾವುದು, ಮೇಲ್ಮನವಿಯಿಂದ ಆ ದಿನ ಮುಂದಕ್ಕೆ ಹೋಗುವುದಿಲ್ಲ, ಆದೇಶ ರದ್ದಾದರೆ ನಡುವಿನ ವೇತನದ ಗತಿಯೇನು ಎನ್ನುವುದನ್ನು ಬರೆಯಿರಿ. ವಜಾ ಆದವನಿಗೆ ಗೇಟಿನೊಳಗೆ ಪ್ರವೇಶ ಇರುವುದಿಲ್ಲ. ದಾಖಲೆಗಳ ಪ್ರತಿ ಬೇಕಾದರೆ ಯಾರಿಗೆ ಫೋನ್ ಮಾಡಬೇಕು ಎನ್ನುವುದೂ ಇರಲಿ.

6. ಕೇಳುವವರು ಏನು ಮಾಡಬಲ್ಲರು. ರದ್ದು ಮಾಡಬಹುದು, ಕಡಿಮೆ ಮಾಡಬಹುದು, ಹಾಗೇ ಉಳಿಸಬಹುದು. ಹೆಚ್ಚಿಸಬಹುದೇ? "ಮೇಲ್ಮನವಿ ಹಾಕಿದರೆ ಇನ್ನೂ ಜಾಸ್ತಿ ಶಿಕ್ಷೆ ಕೊಡ್ತಾರೆ" ಎನ್ನುವ ಮಾತು ಶಾಪ್‌ಫ್ಲೋರಿನಲ್ಲಿ ಸದಾ ಓಡಾಡುತ್ತಿರುತ್ತದೆ. ಸರ್ಕಾರಿ ನಿಯಮಗಳಲ್ಲಿ ದಂಡನೆ ಹೆಚ್ಚಿಸುವ ಅಧಿಕಾರ ಇರುವುದರಿಂದ ಮಾತಿಗೆ ಬುಡ ಇಲ್ಲದೆ ಇಲ್ಲ. ಅಲ್ಲಿಯೂ ನೌಕರನಿಗೆ ಮತ್ತೆ ಅವಕಾಶ ಕೊಡದೆ ಹೆಚ್ಚಿಸುವಂತಿಲ್ಲ. ನಿಮ್ಮ ನಿಯಮದಲ್ಲಿ ಅಂಥ ಅಧಿಕಾರ ಇಲ್ಲದಿದ್ದರೆ "ದಂಡನೆಯನ್ನು ಹೆಚ್ಚಿಸಲಾಗುವುದಿಲ್ಲ" ಎಂಬ ಒಂದು ವಾಕ್ಯ ಬರೆಯಿರಿ. ಅಧಿಕಾರ ಇದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

7. ಖುದ್ದು ಅಹವಾಲು, ಜೊತೆಗೆ ಬರುವವರು, ಉತ್ತರ ಬರುವ ದಿನ. ವಿಚಾರಣೆಯಲ್ಲಿ ಅವನ ಪರ ಸಹನೌಕರನೋ ಯೂನಿಯನ್ನಿನವರೋ ಇದ್ದರೆ ಇಲ್ಲಿಗೂ ಅವರೇ ಬರಬಹುದು ಎನ್ನಿ. 1986ರ ರಾಮ್ ಚಂದರ್ ಪ್ರಕರಣದಲ್ಲಿ ರೈಲ್ವೆ ನೌಕರನ ಮೇಲ್ಮನವಿಯನ್ನು ಯಾಂತ್ರಿಕವಾಗಿ ವಜಾ ಮಾಡಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಹವಾಲು ಕೇಳಿ, ಕಾರಣ ಕೊಟ್ಟು ಆದೇಶ ಮಾಡಬೇಕೆಂದಿತು. ಆದ್ದರಿಂದ "ಕಾರಣ ಸಹಿತ ಉತ್ತರ ಇಷ್ಟು ದಿನದಲ್ಲಿ" ಎಂಬ ಮಾತು ಪತ್ರದಲ್ಲೇ ಇರಲಿ.

ಎಲ್ಲವನ್ನೂ ಸೇರಿಸಿ ಬರೆದರೆ

ಏಳು ಅಂಶ ಎಂದರೆ ಏಳು ಪ್ಯಾರಾ ಎಂದಲ್ಲ. ನಮ್ಮ ಆಪರೇಟರ್‌ನ ಪತ್ರದ ಕೊನೆಯ ಭಾಗ ಅರ್ಧ ಪುಟದೊಳಗೆ ಹೀಗೆ ಮುಗಿಯುತ್ತದೆ:

"ಮೇಲ್ಮನವಿ ಸಲ್ಲಿಸುವ ನಿಮ್ಮ ಹಕ್ಕು

ಮೊದಲನೆಯ ಆರೋಪದ ತೀರ್ಮಾನ ಅಥವಾ ನಾಲ್ಕು ದಿನಗಳ ಅಮಾನತು ಸರಿಯಲ್ಲವೆಂದು ನಿಮಗೆ ಅನಿಸಿದರೆ, ನಮ್ಮ ಸ್ಥಾಯಿ ಆದೇಶದ ಕಲಮು ____ರ ಪ್ರಕಾರ ನೀವು ನಿರ್ದೇಶಕರಿಗೆ (ಕಾರ್ಯಾಚರಣೆ) ಮೇಲ್ಮನವಿ ಸಲ್ಲಿಸಬಹುದು. ಅವರು ಈ ಪ್ರಕರಣದ ವಿಚಾರಣೆಯಲ್ಲಾಗಲಿ ತೀರ್ಮಾನದಲ್ಲಾಗಲಿ ಭಾಗವಹಿಸಿಲ್ಲ.

ಈ ಪತ್ರ ನಿಮಗೆ 9-3-2026ರಂದು ತಲುಪಿದೆ. ಮೇಲ್ಮನವಿ ಸಲ್ಲಿಸಲು ಕೊನೆಯ ದಿನ 30-3-2026, ಸೋಮವಾರ. ಅಂದು ರಾತ್ರಿ 12 ಗಂಟೆಯವರೆಗೆ ಯಾವ ಪಾಳಿಯಲ್ಲಾದರೂ ಟೈಮ್ ಆಫೀಸಿನಲ್ಲಿ ಕೊಟ್ಟು ಮುದ್ರೆ ಹಾಕಿದ ಪ್ರತಿ ಪಡೆಯಿರಿ. ಮೇಲಿನ ವಿಳಾಸಕ್ಕೆ ಅಂಚೆಯಲ್ಲೂ ಕಳುಹಿಸಬಹುದು. ಕೊನೆಯ ದಿನದೊಳಗೆ ಅಂಚೆಗೆ ಹಾಕಿದ್ದರೆ ಸಾಕು.

ನಿಮ್ಮ ಕಾರಣಗಳನ್ನು ಕನ್ನಡದಲ್ಲಿ, ಕೈಬರಹದಲ್ಲಿ ಬರೆದರೂ ಆಗುತ್ತದೆ. ವಿಚಾರಣೆ ನಡೆದ ರೀತಿ ಸರಿಯಿಲ್ಲ, ಸಾಕ್ಷ್ಯಕ್ಕೂ ತೀರ್ಮಾನಕ್ಕೂ ಹೊಂದಿಕೆಯಿಲ್ಲ, ದಂಡನೆ ಹೆಚ್ಚಾಯಿತು, ಅಥವಾ ಹೊಸ ದಾಖಲೆ ಸಿಕ್ಕಿದೆ ಎಂಬಂಥ ಯಾವ ಕಾರಣವನ್ನಾದರೂ ತಿಳಿಸಿ. ವಿಚಾರಣಾ ವರದಿಯ ಪ್ರತಿ ಇದರ ಜೊತೆಗಿದೆ.

ಅಮಾನತು 6-4-2026ರಿಂದ 9-4-2026ರವರೆಗೆ ಜಾರಿಯಾಗುತ್ತದೆ. ನೀವು ಮೇಲ್ಮನವಿ ಸಲ್ಲಿಸಿದರೆ ಅದರ ತೀರ್ಮಾನವಾಗುವವರೆಗೆ ಜಾರಿಯಾಗುವುದಿಲ್ಲ.

ನಿರ್ದೇಶಕರು ನಿಮ್ಮನ್ನು ಕರೆದು ಮಾತು ಕೇಳುತ್ತಾರೆ. ವಿಚಾರಣೆಯಲ್ಲಿ ನಿಮಗೆ ಸಹಾಯ ಮಾಡಿದ ಸಹನೌಕರರನ್ನು ಕರೆತರಬಹುದು. ಮೇಲ್ಮನವಿ ತಲುಪಿದ 15 ದಿನಗಳೊಳಗೆ ಕಾರಣ ಸಹಿತ ಆದೇಶವನ್ನು ಲಿಖಿತವಾಗಿ ಕೊಡುತ್ತಾರೆ. ಅವರು ದಂಡನೆಯನ್ನು ರದ್ದು ಮಾಡಬಹುದು, ಕಡಿಮೆ ಮಾಡಬಹುದು ಅಥವಾ ಹಾಗೇ ಉಳಿಸಬಹುದು. ಹೆಚ್ಚಿಸುವುದಿಲ್ಲ.

ಈ ಕ್ರಮದ ಬಗ್ಗೆ ಏನಾದರೂ ಕೇಳಬೇಕಿದ್ದರೆ ಆಡಳಿತಾಧಿಕಾರಿಗಳನ್ನು (ದೂರವಾಣಿ ____) ಸಂಪರ್ಕಿಸಿ."

ಶೀರ್ಷಿಕೆಯನ್ನು ದಪ್ಪಕ್ಷರದಲ್ಲಿ ಹಾಕಿ. ಕೊಟ್ಟ ಕೂಡಲೇ ಓದುವವನ ಕಣ್ಣು ದಂಡನೆಯ ಸಾಲಿನ ಮೇಲೆ ನೆಟ್ಟು ನಿಲ್ಲುತ್ತದೆ, ಉಳಿದದ್ದು ಅವತ್ತು ತಲೆಗೆ ಹೋಗುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ತೆಗೆದಾಗ ಆ ಭಾಗ ತಟ್ಟನೆ ಸಿಗಬೇಕು. "ಸದರಿ", "ಮೇಲ್ಕಾಣಿಸಿದ", "ಬಾಧಿತರಾದಲ್ಲಿ" ಎಂಬ ಕಚೇರಿ ಮಾತು ಈ ಭಾಗದಲ್ಲಿ ಒಂದೂ ಇಲ್ಲದಿರುವುದನ್ನು ಗಮನಿಸಿ. ಅವುಗಳಿಲ್ಲದಿದ್ದರೆ ಆದೇಶದ ಗತ್ತು ಹೋಗುತ್ತದೆ ಎನ್ನುವವರಿದ್ದಾರೆ. ಗತ್ತು ಬೇಕಿದ್ದರೆ ಮೊದಲ ಪುಟದಲ್ಲಿ ಇಟ್ಟುಕೊಳ್ಳಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

"ಈ ಆದೇಶವೇ ಅಂತಿಮ" ಎಂದು ಒಂದು ಪ್ಯಾರಾದಲ್ಲಿ, "ಮೇಲ್ಮನವಿ ಸಲ್ಲಿಸಬಹುದು" ಎಂದು ಇನ್ನೊಂದರಲ್ಲಿ ಬರೆಯುವುದು. ಎರಡು ಹಳೆಯ ಪತ್ರಗಳನ್ನು ಸೇರಿಸಿ ಹೊಲಿದಾಗ ಹೀಗಾಗುತ್ತದೆ. ಓದುವವನು ಮೊದಲು ಕಂಡದ್ದನ್ನೇ ನಂಬುತ್ತಾನೆ.

ದಯಾಭಿಕ್ಷೆಯ ಧಾಟಿ ಇನ್ನೊಂದು. "ತಾವು ಪಶ್ಚಾತ್ತಾಪ ವ್ಯಕ್ತಪಡಿಸಿದಲ್ಲಿ ಆಡಳಿತವು ಸಹಾನುಭೂತಿಯಿಂದ ಪರಿಗಣಿಸಬಹುದು" ಎಂದು ಬರೆದು ಅದನ್ನೇ ಮೇಲ್ಮನವಿಯ ಅವಕಾಶ ಎನ್ನುವವರಿದ್ದಾರೆ. ತಪ್ಪೇ ಮಾಡಿಲ್ಲ ಎನ್ನುವವನು ಈ ದಾರಿಯಲ್ಲಿ ಹೋಗುವುದು ಹೇಗೆ?

ಒಳಗಿನ ಮೇಲ್ಮನವಿಯನ್ನೂ ಹೊರಗಿನ ಪರಿಹಾರವನ್ನೂ ಬೆರೆಸುವುದು ಮೂರನೆಯದು, ಹಾನಿಯೂ ಇದರಲ್ಲೇ ಹೆಚ್ಚು. ಸಂಸ್ಥೆಯೊಳಗಿನ ಮೇಲ್ಮನವಿ ಬೇರೆ, ಕಾರ್ಮಿಕ ಇಲಾಖೆ, ನ್ಯಾಯಾಲಯ, ನ್ಯಾಯಮಂಡಳಿಗಳ ದಾರಿ ಬೇರೆ. ಒಂದರ ಗಡುವು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಒಳಗೆ ಮೇಲ್ಮನವಿ ನಡೆಯುತ್ತಿದೆ ಎಂದು ಹೊರಗಿನ ಗಡಿಯಾರ ತಾನಾಗಿ ನಿಲ್ಲುತ್ತದೆ ಎಂದು ಭಾವಿಸುವಂತಿಲ್ಲ. "ಮೇಲ್ಮನವಿಯ ತೀರ್ಮಾನಕ್ಕೆ ನೀವು ಬದ್ಧರು, ಬೇರೆಲ್ಲೂ ಪ್ರಶ್ನಿಸುವಂತಿಲ್ಲ" ಎಂಬಂಥ ಸಾಲನ್ನು ಬರೆಯಲೇಬೇಡಿ. ಕಾನೂನು ಕೊಟ್ಟದ್ದನ್ನು ಪತ್ರ ಕಿತ್ತುಕೊಳ್ಳಲಾರದು, ಆದರೆ ನೌಕರನನ್ನು ದಾರಿ ತಪ್ಪಿಸಿದ ಸಾಕ್ಷಿಯಾಗಿ ಫೈಲಿನಲ್ಲಿ ಉಳಿಯುತ್ತದೆ. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ವಜಾ ಆದೇಶದಲ್ಲಿ "ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಿ" ಎಂದಷ್ಟೇ ಬರೆದು, ನ್ಯಾಯಮಂಡಳಿಯನ್ನೂ ಮೂರು ತಿಂಗಳನ್ನೂ ಬಿಟ್ಟರೆ, ಶಿಕ್ಷಕ ಅಧ್ಯಕ್ಷರ ಬಾಗಿಲಲ್ಲಿ ಕಾಯುತ್ತಲೇ ಆ ಮೂರು ತಿಂಗಳು ಕಳೆಯಬಹುದು.

ಪತ್ರ ಕೊಡುವಾಗ, ಮೇಲ್ಮನವಿ ಬಂದಾಗ

ಆದೇಶ ಲೆಕ್ಕಕ್ಕೆ ಬರುವುದು ತಿಳಿಸಿದಾಗಲೇ. ಸಹಿ ಹಾಕಿ ಫೈಲಿನಲ್ಲಿಟ್ಟ ವಜಾ ಆದೇಶ ಜಾರಿಗೆ ಬಂದಂತಲ್ಲ ಎಂದು 1966ರಲ್ಲೇ ಪಂಜಾಬ್ ರಾಜ್ಯ ವಿರುದ್ಧ ಅಮರ್ ಸಿಂಗ್ ಹರಿಕ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಕೊಡುವ ಕ್ರಿಯೆಯೂ ಪತ್ರದಷ್ಟೇ ಮುಖ್ಯ. ಕೂರಿಸಿ, ಮೇಲ್ಮನವಿಯ ಭಾಗವನ್ನು ಓದಿ ಹೇಳಿ, ಕೊನೆಯ ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿ. ಸ್ವೀಕೃತಿಯ ಜಾಗದಲ್ಲಿ "ಓದಿ ಒಪ್ಪಿದ್ದೇನೆ" ಎಂಬ ಮುದ್ರಿತ ಸಾಲು ಇರುವುದನ್ನು ಅನೇಕ ಕಡೆ ಕಾಣಬಹುದು. ಅದನ್ನು ತೆಗೆಯಿರಿ. ಒಪ್ಪದವನು ಆ ಸಾಲು ನೋಡಿ ಸಹಿ ಹಾಕಲು ನಿರಾಕರಿಸುತ್ತಾನೆ, ನಿಮಗೆ ಕೈಸೇರಿದ ದಿನದ ದಾಖಲೆಯೇ ಇಲ್ಲವಾಗುತ್ತದೆ. "ಪತ್ರದ ಪ್ರತಿ, ವಿಚಾರಣಾ ವರದಿಯ ಪ್ರತಿ ಈ ದಿನ ನನಗೆ ತಲುಪಿದೆ" ಎಂದಿದ್ದರೆ ಸಾಕು. ಆದರೂ ನಿರಾಕರಿಸಿದರೆ ಇಬ್ಬರು ಸಾಕ್ಷಿಗಳ ಸಹಿಯೊಡನೆ ಅಲ್ಲೇ ಟಿಪ್ಪಣಿ ಬರೆದು, ಅದೇ ದಿನ ಅವನು ಕೊಟ್ಟಿರುವ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿ. ಅಂಚೆ ತಲುಪಿದ ದಿನದಿಂದ ಎಣಿಸಿದರೆ ಮುಂದೆ ವಾದಕ್ಕೆ ಜಾಗ ಇರುವುದಿಲ್ಲ.

ಮೇಲ್ಮನವಿ ಬಂದ ದಿನವೇ ಸ್ವೀಕೃತಿ ಕೊಡಿ, ಅಹವಾಲು ಕೇಳುವ ದಿನವನ್ನೂ ಅದರಲ್ಲೇ ತಿಳಿಸಿ. ಹದಿನೈದು ದಿನ ಬೇಗ ಕಳೆಯುತ್ತದೆ. ಒಂದೆರಡು ದಿನ ತಡವಾಗಿ ಬಂದದ್ದನ್ನು ಗುಮಾಸ್ತರ ಮಟ್ಟದಲ್ಲಿ ವಾಪಸು ಕಳುಹಿಸುವ ಪದ್ಧತಿ ಬೇಡ. ಸ್ವೀಕರಿಸಿ, ತಡವಾದ ದಿನಗಳನ್ನು ನಮೂದಿಸಿ, ಕಾರಣ ಕೇಳಿ, ಮನ್ನಿಸಬೇಕೋ ಬೇಡವೋ ಎನ್ನುವುದನ್ನು ಮೇಲ್ಮನವಿ ಪ್ರಾಧಿಕಾರವೇ ನಿರ್ಧರಿಸಲಿ. ಆಸ್ಪತ್ರೆಯಲ್ಲಿದ್ದವನ ಎರಡು ದಿನವನ್ನೂ, ಸುಮ್ಮನೆ ಕೂತವನ ಎರಡು ತಿಂಗಳನ್ನೂ ಒಂದೇ ಮುದ್ರೆಯಿಂದ ತಿರಸ್ಕರಿಸಬಾರದು. ನಿರ್ಧಾರ ಏನೇ ಆದರೂ ಅದಕ್ಕೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಅವನ ಕೈಗೆ ಕೊಡಿ, ಅದರ ಸ್ವೀಕೃತಿಯನ್ನೂ ಪಡೆಯಿರಿ.